ರೆಕಮಂಡೇಶನ್ ಲೆಟರ್ ವಿಷಯ, ಒಂದು ರಿಕ್ವೆಸ್ಟ್ ಸರ್

ಸರ್ ನಮಸ್ಕಾರ, ನಾನು ಸಿಂಚನಾ, ಸಿವಿಲ್ ಏಳನೇ ಸೆಮ್, ಸೂಳೆಕೆರೆ ಪ್ರಾಜೆಕ್ಟ್ ಬ್ಯಾಚ್. ಸೋಮವಾರ ಸ್ಟಾಫ್ ರೂಮಿಗೆ ಬಂದಿದ್ದೆ, ನೀವು ನ್ಯಾಕ್ ಫೈಲ್‌ಗಳ ಮಧ್ಯೆ ಮುಳುಗಿದ್ರಿ, ಏನಿದ್ರೂ ಮೇಲ್ ಹಾಕಮ್ಮ ಪುರುಸೊತ್ತಲ್ಲಿ ನೋಡ್ತೀನಿ ಅಂದ್ರಿ, ಅದಕ್ಕೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮುಂದಿನ ವರ್ಷ ಅಮೆರಿಕದಲ್ಲಿ ವಾಟರ್ ರಿಸೋರ್ಸಸ್‌ನಲ್ಲಿ ಎಂಎಸ್ ಮಾಡ್ಬೇಕು ಅಂತಿದೀನಿ ಸರ್. ಕೊಲರಾಡೊ ಸ್ಟೇಟ್, ಪರ್ಡ್ಯೂ, ಟೆಕ್ಸಾಸ್ ಎ ಅಂಡ್ ಎಂ, ಈ ಮೂರಕ್ಕೇ ಅಪ್ಲೈ ಮಾಡೋದು, ಜಾಸ್ತಿ ಹಾಕೋಕೆ ಅಪ್ಲಿಕೇಶನ್ ಫೀಸೇ ಸಾಕಾಗಲ್ಲ. ಮೂರು ರೆಕಮಂಡೇಶನ್ ಬೇಕು, ಒಂದು ಎಚ್‌ಒಡಿ ಮೇಡಂ ಕೊಡ್ತೀನಿ ಅಂದಿದಾರೆ, ಇನ್ನೊಂದು ಇಂಟರ್ನ್‌ಶಿಪ್‌ನಲ್ಲಿ ಗೈಡ್ ಮಾಡಿದ ಇಂಜಿನಿಯರ್ ಸರ್, ಮೂರನೇದು ನೀವು ಬರೀಬೇಕು ಅನ್ನೋದು ನನ್ನ ಆಸೆ. ಸಾಲಲ್ಲಿ ಮೂರನೇದು ಅಂತ ಬರೆದೆ, ಆದ್ರೆ ನಿಜ ಹೇಳ್ಬೇಕಂದ್ರೆ ನನಗೆ ಎಲ್ಲಕ್ಕಿಂತ ಮುಖ್ಯ ನಿಮ್ದೇ, ಯಾಕಂದ್ರೆ ನನ್ನ ಸಿಜಿಪಿಎ 8.2, ಅಲ್ಲಿಗೆ ಬರೋ ಸಾವಿರಾರು ಅಪ್ಲಿಕೇಶನ್‌ನಲ್ಲಿ ಅದು ಯಾರ ಕಣ್ಣಿಗೂ ಬೀಳೋ ನಂಬರ್ ಅಲ್ಲ. ನಾನು ಕೆಲಸ ಮಾಡೋದನ್ನ ಹತ್ತಿರದಿಂದ ನೋಡಿರೋರು ನೀವೊಬ್ರೇ.

ಸೆಕೆಂಡ್ ಇಯರ್ ಹೈಡ್ರಾಲಿಕ್ಸ್ ಲ್ಯಾಬ್ ನಿಮಗೆ ನೆನಪಿರಬಹುದು, 90 ಡಿಗ್ರಿ ವಿ-ನಾಚ್‌ನಲ್ಲಿ ಎಲ್ಲಾ ಬ್ಯಾಚ್‌ಗೂ ಸಿಡಿ 0.68 ಹತ್ರ ಬರ್ತಿತ್ತು, ಹಳೇ ರೆಕಾರ್ಡ್‌ನಲ್ಲೂ ಅದೇ ಇದೆ ಅಂತ ಎಲ್ರೂ ಬರ್ಕೊಂಡು ಹೋಗ್ತಿದ್ರು. 0.6 ಆಸುಪಾಸು ಬರ್ಬೇಕಲ್ಲ ಅಂತ ನಾನು ಹುಕ್ ಗೇಜ್‌ನ ಝೀರೋ ಮತ್ತೆ ನೋಡ್ದೆ, ಕೊಕ್ಕೆ ತುದಿ ಬಗ್ಗಿ 5 ಮಿಲಿಮೀಟರ್ ವ್ಯತ್ಯಾಸ ಆಗಿತ್ತು. ಹೆಡ್ ಇದ್ದಿದ್ದೇ 10 ಸೆಂಟಿಮೀಟರ್, ಡಿಸ್ಚಾರ್ಜ್ ಹೋಗೋದು ಹೆಡ್‌ನ 2.5 ಪವರ್‌ಗೆ, ಅಲ್ಲಿಗೆ 13 ಪರ್ಸೆಂಟ್ ತಪ್ಪು. ನೀವು ಅವತ್ತು ಎಲ್ಲಾ ಬ್ಯಾಚಿಗೂ ರೀಡಿಂಗ್ ಮತ್ತೆ ತಗೊಳ್ಳಿ ಅಂದ್ರಿ, ಕ್ಲಾಸ್‌ನಲ್ಲಿ ಒಂದು ವಾರ ನನ್ನನ್ನ ಯಾರೂ ಸರಿಯಾಗಿ ಮಾತಾಡಿಸಲಿಲ್ಲ ಬಿಡಿ.

ಆಮೇಲೆ ಈಗಿನ ಪ್ರಾಜೆಕ್ಟ್. ಸೂಳೆಕೆರೆ ಕ್ಯಾಚ್‌ಮೆಂಟ್‌ಗೆ ಕರ್ವ್ ನಂಬರ್ ಹಾಕುವಾಗ ಫಸ್ಟ್ ರಿವ್ಯೂನಲ್ಲಿ ನೀವು ಕೇಳಿದ್ರಿ, ಅಡಿಕೆ ತೋಟಕ್ಕೆ ಯಾವ ನಂಬರ್ ತಗೊಂಡೆ ಅಂತ. ಅಮೆರಿಕದ ಟೇಬಲ್‌ನಲ್ಲಿ ಅಡಿಕೆ ಎಲ್ಲಿಂದ ಬರ್ಬೇಕು, ಹತ್ತಿರದ್ದು ಅಂದ್ರೆ ಹಣ್ಣಿನ ತೋಟದ ಸಾಲು. ನಾನು ಅಪ್ಪನ ಬೈಕ್ ತಗೊಂಡು ಚನ್ನಗಿರಿ ಕಡೆ ತೋಟಗಳಿಗೆ ಹೋಗಿ ಎಲ್ಲಿ ಸೋಗೆ ಹಾಸಿದಾರೆ, ಎಲ್ಲಿ ಉಳುಮೆ ಮಾಡಿ ಬರೀ ನೆಲ ಬಿಟ್ಟಿದಾರೆ, ಬಸಿಗಾಲುವೆ ಎಲ್ಲಿದೆ ಅಂತ ನೋಡಿ ತೋಟಗಳನ್ನ ಎರಡು ಕ್ಲಾಸ್ ಮಾಡಿ ಬೇರೆ ಬೇರೆ ನಂಬರ್ ಕೊಟ್ಟೆ. ಅದು ಸರಿಯೋ ತಪ್ಪೋ ಅನ್ನೋದು ರನ್‌ಆಫ್ ಲೆಕ್ಕ ಪೂರ್ತಿ ಆದ್ಮೇಲೆ ನೀವೇ ಹೇಳ್ಬೇಕು, ಆದ್ರೆ ಲೆಟರ್‌ನಲ್ಲಿ ಈ ಎರಡು ವಿಷಯ ಬಂದ್ರೆ ನನಗೆ ಅಷ್ಟೇ ಸಾಕು. ಸಿನ್ಸಿಯರ್, ಹಾರ್ಡ್‌ವರ್ಕಿಂಗ್ ಅಂತ ಎಲ್ಲರ ಲೆಟರ್‌ನಲ್ಲೂ ಇರುತ್ತೆ ಸರ್.

ಇನ್ನೊಂದು, ಕೇಳೋಕೆ ಸ್ವಲ್ಪ ಸಂಕೋಚ. ನಮ್ಮ ಸೀನಿಯರ್ಸ್ ಎಲ್ಲಾ ಡ್ರಾಫ್ಟ್ ತಾವೇ ಬರ್ಕೊಂಡು ಹೋಗಿ ಸೈನ್ ಹಾಕಿಸ್ಕೊಂಡ್ರು, ನೀವೂ ಹಾಗೇ ಅಂತೀರೇನೋ ಗೊತ್ತಿಲ್ಲ. ನನ್ನ ಬಗ್ಗೆ ನಾನೇ ಹೊಗಳ್ಕೊಂಡು ಬರೆಯೋದು ನನ್ನ ಕೈಲಿ ಆಗಲ್ಲ, ಅದೂ ಅಲ್ದೆ ಲೆಟರ್ ನೋಡೋ ಹಕ್ಕು ಬಿಟ್ಕೊಡ್ತೀನಿ ಅಂತ ಅಪ್ಲಿಕೇಶನ್‌ನಲ್ಲಿ ಟಿಕ್ ಮಾಡ್ತೀನಿ, ಹಾಗೆ ಮಾಡಿ ಲೆಟರ್ ನಾನೇ ಬರೆದ್ರೆ ಚೆನ್ನಾಗಿರಲ್ಲ. ಮಾರ್ಕ್ಸ್ ಕಾರ್ಡ್, ರೆಸ್ಯುಮೆ, ಎಸ್‌ಒಪಿ ಡ್ರಾಫ್ಟ್, ಪ್ರಾಜೆಕ್ಟ್ ರಿಪೋರ್ಟ್ ಇಲ್ಲೇ ಅಟ್ಯಾಚ್ ಮಾಡಿದೀನಿ, ಬೇರೆ ಏನು ಪಾಯಿಂಟ್ಸ್ ಬೇಕಂದ್ರೂ ಅವತ್ತೇ ಕಳಿಸ್ತೀನಿ. ಲೆಟರ್ ಒಂದೇ ಬರೆದ್ರೆ ಸಾಕು, ಮೂರಕ್ಕೂ ನಡಿಯುತ್ತೆ.

ನೀವು ಹೂಂ ಅಂದ್ಮೇಲೆ ನಿಮ್ಮ ಕಾಲೇಜ್ ಮೇಲ್ ಐಡಿ ಕೊಡ್ತೀನಿ, ಜಿಮೇಲ್ ಬೇಡ, ಕಾಲೇಜ್ ಐಡಿ ಆದ್ರೆ ನಂಬ್ತಾರೆ. ಯೂನಿವರ್ಸಿಟಿಯಿಂದ ನೇರ ನಿಮಗೇ ಲಿಂಕ್ ಬರುತ್ತೆ, ಸ್ಪ್ಯಾಮ್‌ನಲ್ಲೂ ಒಂದ್ಸಲ ನೋಡಿ. ಅದ್ರಲ್ಲಿ ಕ್ಲಾಸ್‌ನಲ್ಲಿ ಟಾಪ್ ಎಷ್ಟು ಪರ್ಸೆಂಟ್ ಅಂತ ಟಿಕ್ ಮಾಡೋ ಪಟ್ಟಿ ಇರಬಹುದು, ಆಮೇಲೆ ಲೆಟರ್‌ಹೆಡ್‌ನಲ್ಲಿ ಸೈನ್ ಮಾಡಿದ ಪಿಡಿಎಫ್ ಅಪ್‌ಲೋಡ್ ಮಾಡ್ಬೇಕು. ಡಿಸೆಂಬರ್ 10ರೊಳಗೆ ಮೂರೂ ಮುಗಿಸ್ಬೇಕು ಅಂತ ಇದೀನಿ, ಇಂಟರ್ನಲ್ಸ್ ವ್ಯಾಲ್ಯುಯೇಶನ್ ಅಷ್ಟೊತ್ತಿಗೆ ಶುರುವಾಗುತ್ತೆ ಅಂತ ಈಗ್ಲೇ ಕೇಳ್ತಿರೋದು. ಡಿಸೆಂಬರ್ ಮೊದಲ ವಾರ ಒಂದ್ಸಲ ನೆನಪಿಸ್ಲಾ ಸರ್?

ಟೈಮ್ ಇಲ್ಲ ಅಂತಿದ್ರೆ, ಅಥವಾ ಇವಳ ಬಗ್ಗೆ ಗಟ್ಟಿಯಾಗಿ ಬರೆಯೋವಷ್ಟು ನನಗೆ ಗೊತ್ತಿಲ್ಲ ಅನ್ಸಿದ್ರೆ, ದಯವಿಟ್ಟು ನೇರವಾಗಿ ಹೇಳಿಬಿಡಿ, ನಾನು ಖಂಡಿತ ತಪ್ಪು ತಿಳ್ಕೊಳ್ಳಲ್ಲ. ಗುರುವಾರ ಸಂಜೆ ನಾಲ್ಕಕ್ಕೆ ಪ್ರಾಜೆಕ್ಟ್ ಮೀಟಿಂಗ್ ಇದೆಯಲ್ಲ, ಅದು ಮುಗಿದ್ಮೇಲೆ ಐದು ನಿಮಿಷ ಸಿಕ್ಕಿದ್ರೆ ಸಾಕು, ಅಲ್ಲೇ ಹೇಳಿದ್ರೂ ಆಯ್ತು.

ಇಂತಿ ನಿಮ್ಮ ವಿದ್ಯಾರ್ಥಿನಿ
ಸಿಂಚನಾ