ಟ್ಯೂಬ್‌ಲೈಟ್ ಪಕ್ಕದ ಮೋಟು

ಸಿರಿಗೆ ಏಳು ವರ್ಷ. ಅವಳು ಕತ್ತಲೆಗೆ ಹೆದರಲ್ಲ, ಗುಡುಗಿಗೆ ಹೆದರಲ್ಲ. ಹಲ್ಲಿ ಕಂಡರೆ ಮಾತ್ರ ಕಾಲು ಮಡಚಿ ಕುರ್ಚಿ ಮೇಲೆ ಕೂತುಬಿಡುತ್ತಾಳೆ.

ಸಾಗರದ ಅವರ ಮನೆಯಲ್ಲಿ ಒಂದು ಹಲ್ಲಿ ಇತ್ತು. ಹಗಲೆಲ್ಲ ಕ್ಯಾಲೆಂಡರ್ ಹಿಂದೆ ಅದರ ನಿದ್ದೆ. ಸಂಜೆ ಟ್ಯೂಬ್‌ಲೈಟ್ ಹಾಕಿದ ಕೂಡಲೇ ರಾತ್ರಿ ಪಾಳಿಗೆ ಹೊರಟವರ ಹಾಗೆ ಮೆಲ್ಲಗೆ ಹೊರಗೆ ಬರುತ್ತಿತ್ತು.

ಒಂದು ಭಾನುವಾರ ಅಪ್ಪನ ಕಣ್ಣು ಸೋಫಾ ಮೇಲೆ ಬಿದ್ದಿದ್ದ ಹಿಕ್ಕೆಯ ಮೇಲೆ ಹೋಯಿತು. ಕಪ್ಪು ಕಾಳಿನಂಥದ್ದು, ತುದಿಯಲ್ಲಿ ಬಿಳಿ ಚುಕ್ಕಿ. “ಇವತ್ತು ಇದನ್ನ ಓಡಿಸಿಯೇ ಸೈ” ಅಂತ ಪೊರಕೆ ಎತ್ತಿದರು. ಪಟ್! ಹಲ್ಲಿ ಕಿಟಕಿ ಹಾರಿ ಮಾಯ. ನೆಲದ ಮೇಲೆ ಅದರ ಬಾಲ ಒಂದೇ ಉಳಿಯಿತು. ಆ ಬಾಲ ಸುಮ್ನೆ ಬಿದ್ದಿರಲಿಲ್ಲ, ಎಡಕ್ಕೆ ಬಲಕ್ಕೆ ಕುಣಿಯುತ್ತಿತ್ತು!

ಸಿರಿಗೆ ಅಳು ಬಂತು. “ಅಜ್ಜಾ, ಅದು ಸತ್ತೋಯ್ತಾ?”

“ಇಲ್ಲ ಮಗಾ. ಬಾಲ ಅದೇ ಕಳಚಿಕೊಂಡಿದ್ದು. ಬೆಕ್ಕು ಹಿಡಿಯೋಕೆ ಬಂದರೆ ಕುಣಿಯೋ ಬಾಲ ನೋಡ್ತಾ ನಿಲ್ಲುತ್ತೆ, ಅಷ್ಟರಲ್ಲಿ ಹಲ್ಲಿ ಪರಾರಿ. ಹೊಸ ಬಾಲ ಬರುತ್ತೆ ಬಿಡು. ಆದ್ರೆ ಅದರೊಳಗೆ ಮೂಳೆ ಇರಲ್ಲ.”

ಅಪ್ಪ ಏನೂ ಮಾತಾಡದೆ ಪೊರಕೆಯನ್ನು ಬಾಗಿಲ ಹಿಂದೆ ಇಟ್ಟರು.

ಮೂರು ದಿನ ಟ್ಯೂಬ್‌ಲೈಟ್ ಪಕ್ಕ ಯಾರೂ ಇಲ್ಲ. ನಾಲ್ಕನೇ ರಾತ್ರಿ ಸಿರಿ ಕಿಟಕಿ ಹತ್ತಿರ ಹೋದಳು. ಗಾಜಿನ ಆಚೆ ಬದಿಯಲ್ಲಿ ಅದೇ ಹಲ್ಲಿ, ಬಾಲದ ಜಾಗದಲ್ಲಿ ಒಂದು ಮೋಟು! ಮಧ್ಯೆ ಗಾಜು ಇತ್ತಲ್ಲ, ಸಿರಿಗೆ ಸ್ವಲ್ಪ ಧೈರ್ಯ. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ನಿಂತಳು.

ಹಲ್ಲಿಯ ಹೊಟ್ಟೆ ತೆಳ್ಳಗೆ, ಹಾಲಿನ ಕೆನೆ ಬಣ್ಣ. ಪುಟಾಣಿ ಪಾದ. ಒಂದೊಂದು ಬೆರಳಿನ ಅಡಿಯಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಗೆರೆ. ಅದು ಒಂದು ಕಾಲು ಎತ್ತಿತು, ಬೆರಳುಗಳನ್ನು ತುದಿಯಿಂದ ಸುರುಳಿ ಬಿಚ್ಚಿದ ಹಾಗೆ ಬಿಡಿಸಿ ಮತ್ತೆ ಮುಂದೆ ಊರಿತು. ಆಮೇಲೆ ನಾಲಿಗೆ ಚಾಚಿ ತನ್ನ ಕಣ್ಣನ್ನೇ ನೆಕ್ಕಿಕೊಂಡಿತು!

“ಅಜ್ಜಾ! ಅದು ಕಣ್ಣು ನೆಕ್ಕಿಕೊಳ್ತು!”

“ಅದಕ್ಕೆ ನಮ್ಮ ಹಾಗೆ ಮುಚ್ಚಿ ತೆರೆಯೋ ರೆಪ್ಪೆ ಇಲ್ಲ. ನಾಲಿಗೆಯೇ ಅದರ ಕರ್ಚೀಫು.”

“ಕಾಲಿಗೆ ಗೋಂದು ಹಚ್ಚಿಕೊಂಡಿದೆಯಾ?”

“ಗೋಂದೂ ಇಲ್ಲ, ಏನೂ ಇಲ್ಲ. ಆ ಗೆರೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಇವೆ, ಲಕ್ಷಗಟ್ಟಲೆ. ಗೋಡೆಗೆ ಅವು ತೀರಾ ಹತ್ತಿರ ಒತ್ತಿಕೊಳ್ಳುತ್ತವೆ, ಹಾಗಾಗಿ ಹಿಡಿತ.”

ಸಿರಿ ಅದಕ್ಕೆ ಮೋಟು ಅಂತ ಹೆಸರಿಟ್ಟಳು. ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದಿಟ್ಟಳು.

ಆ ವಾರ ಮೊದಲ ಮಳೆ ಬಂತು. ರೆಕ್ಕೆ ಬಂದ ಗೆದ್ದಲು ಹುಳುಗಳು ಗುಂಪುಗುಂಪಾಗಿ ಬೆಳಕಿಗೆ ನುಗ್ಗಿದವು. ಅಪ್ಪನ ಸಾರಿನಲ್ಲಿ ಒಂದು, ಅಮ್ಮನ ಜಡೆಯಲ್ಲಿ ಇನ್ನೊಂದು. ಆಗ ನೋಡಬೇಕಿತ್ತು ಮೋಟುವನ್ನು! ಕಲ್ಲಿನ ಹಾಗೆ ನಿಂತಿತು. ಹೊಟ್ಟೆ ಗೋಡೆಗೆ ಅಂಟಿತು. ಎರಡು ಹೆಜ್ಜೆ, ಮತ್ತೆ ಕಲ್ಲು. ಗಬಕ್! ಹುಳು ಬಾಯೊಳಗೆ, ರೆಕ್ಕೆ ಹೊರಗೆ. ಸಿರಿ ಎಣಿಸುತ್ತಲೇ ಇದ್ದಳು. ಹನ್ನೊಂದಕ್ಕೆ ಅವಳಿಗೇ ಸಾಕಾಯಿತು, ಮೋಟುವಿಗೆ ಸಾಕಾಗಲಿಲ್ಲ.

“ಗೆದ್ದಲು ಮಾತ್ರ ಅಲ್ಲ, ಸೊಳ್ಳೆ, ಪತಂಗ, ಜಿರಳೆ ಮರಿ, ಎಲ್ಲ ತಿನ್ನುತ್ತೆ,” ಎಂದರು ಅಜ್ಜ. “ಸಂಬಳ ಕೇಳಲ್ಲ.”

“ಆದ್ರೆ ವಿಷ!” ಒಳಗಿಂದ ಅಜ್ಜಿಯ ದನಿ. ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಅಂತ ಪಂಚಾಂಗ ತೆಗೆದು ನೋಡುವ ಅಜ್ಜಿ ಅದು. ಕಂಚಿಗೆ ಹೋಗಿ ಬಂಗಾರದ ಹಲ್ಲಿ ಮುಟ್ಟಿ ಬಂದಿದ್ದೇನೆ ಅನ್ನುವ ಧೈರ್ಯ ಬೇರೆ.

“ನಮ್ಮ ಮನೆ ಹಲ್ಲಿಗೆ ವಿಷ ಇಲ್ಲ ಕಣೇ,” ಅಜ್ಜ ನಕ್ಕರು. “ಆದ್ರೆ ಅದರ ಮೈಮೇಲೆ, ಹಿಕ್ಕೆಯಲ್ಲಿ ರೋಗದ ಕ್ರಿಮಿ ಇರಬಹುದು. ಹಾಲಿಗೆ ಬಿದ್ದರೆ ಆ ಹಾಲು ಚೆಲ್ಲಬೇಕು. ಸಿರಿ, ನೀನೂ ಮುಟ್ಟೋಕೆ ಹೋಗಬೇಡ, ದೂರದಿಂದಲೇ ಸ್ನೇಹ.”

ಮರುದಿನದಿಂದ ಸಿರಿಗೆ ಎರಡು ಕೆಲಸ. ಸಂಜೆ ಅಡುಗೆಮನೆಗೆ ಹೋಗಿ ಹಾಲು, ಸಾರು, ಕುಡಿಯುವ ನೀರು, ಎಲ್ಲದಕ್ಕೂ ಮುಚ್ಚಳ ಇದೆಯಾ ಅಂತ ನೋಡುವುದು. ಆಮೇಲೆ ಸೋಫಾದ ಆ ತುದಿಗೆ ಹಳೇ ಪೇಪರ್ ಹಾಸುವುದು. ಅಪ್ಪನಿಗೆ ಇನ್ನು ದೂರಲು ಏನಿದೆ?

ಒಂದು ತಿಂಗಳಾಯಿತು. ಮೋಟುವಿಗೆ ದಪ್ಪನೆಯ ಹೊಸ ಬಾಲ ಚಿಗುರಿತ್ತು, ಬಣ್ಣ ಸ್ವಲ್ಪ ಬೇರೆ. ಊಟದ ಹೊತ್ತಿಗೆ ಅಪ್ಪ ಮೇಲೆ ನೋಡಿ, “ಈ ವರ್ಷ ಹುಳದ ಕಾಟ ಕಡಿಮೆ ಅಲ್ವಾ? ಇರಲಿ ಬಿಡು, ಅದರ ಪಾಡಿಗೆ ಅದು,” ಎಂದರು.

ಲೊಚ್ ಲೊಚ್ ಲೊಚ್!

“ನೋಡು, ಸತ್ಯ ಅಂತು!” ಅಜ್ಜಿ ಬೆರಳಿನಿಂದ ನೆಲ ತಟ್ಟಿ “ಕೃಷ್ಣ ಕೃಷ್ಣ” ಎಂದರು. ಸಿರಿಯೂ ತಟ್ಟಿದಳು. ಅಪ್ಪ ಆ ಕಡೆ ಈ ಕಡೆ ನೋಡಿ, ಯಾರಿಗೂ ಕಾಣದ ಹಾಗೆ ತಟ್ಟೆಯ ಪಕ್ಕ ಒಂದು ಸಲ ತಟ್ಟಿದರು. ಸಿರಿಗೆ ಕಂಡಿತು.