ಮೂಗಿನ ಟ್ಯೂಬ್‌ನಿಂದ ಆಹಾರ: ಮನೆಯಲ್ಲಿ ನೋಡಿಕೊಳ್ಳುವವರಿಗೆ

ಪಾರ್ಶ್ವವಾಯುವಿನಿಂದ ನಿಮ್ಮ ತಂದೆಯವರಿಗೆ ಸರಿಯಾಗಿ ನುಂಗಲು ಆಗುತ್ತಿಲ್ಲ. ಸದ್ಯಕ್ಕೆ ಆಹಾರ, ನೀರು, ಔಷಧ ಎಲ್ಲವೂ ಟ್ಯೂಬ್‌ನಲ್ಲೇ ಹೋಗಬೇಕು. ಪ್ರೀತಿಗೆಂದು ಒಂದು ಚಮಚ ನೀರನ್ನೂ ಬಾಯಿಗೆ ಹಾಕಬೇಡಿ. ವೈದ್ಯರು ಬರೆದಿರುವುದು ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ 3 ಗಂಟೆಗೊಮ್ಮೆ 200 ಮಿ.ಲೀ. ಫೀಡ್. ಮೂಗಿನ ಹೊಳ್ಳೆಯ ಅಂಚಿಗೆ ಸರಿಯಾಗಿ ಟ್ಯೂಬ್ ಮೇಲೆ 58 ಸೆಂ.ಮೀ. ಜಾಗದಲ್ಲಿ ನೀಲಿ ಗೆರೆ ಎಳೆದಿದ್ದೇವೆ. ಆ ಗೆರೆಯ ಮೇಲೆ ಸದಾ ಕಣ್ಣಿರಲಿ.

ಕೂರಿಸುವುದು

ಮಂಚದ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿ. ಬರೀ ತಲೆದಿಂಬು ಹೆಚ್ಚಿಸಿದರೆ ಕತ್ತು ಮಾತ್ರ ಬಗ್ಗಿ ಹೊಟ್ಟೆ ಒತ್ತಿಹೋಗುತ್ತದೆ. ಸೊಂಟದಿಂದ ಮೇಲೆ ಬೆನ್ನು ಪೂರ್ತಿ ಎದ್ದಿರಬೇಕು. ಅವರು ಕೆಳಗೆ ಜಾರದಂತೆ ಮೊಣಕಾಲಿನ ಅಡಿ ಒಂದು ದಿಂಬು ಇಡಿ. ಫೀಡ್ ಮುಗಿದ ಮೇಲೂ ಒಂದು ಗಂಟೆ ಹಾಗೇ ಇರಲಿ. ಮಲಗಿಸಿದರೆ ಹೊಟ್ಟೆಯಲ್ಲಿರುವುದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಅದರಿಂದ ನ್ಯುಮೋನಿಯಾ ಆಗುತ್ತದೆ. ಬಟ್ಟೆ ಬದಲಿಸುವುದು, ಮಗ್ಗುಲು ಹೊರಳಿಸುವುದು ಏನಿದ್ದರೂ ಫೀಡ್‌ಗೆ ಮುಂಚೆಯೇ ಮುಗಿಸಿಕೊಳ್ಳಿ.

ಪ್ರತಿ ಸಲ, ನೀರು ಹಾಕುವ ಮೊದಲು

ಕೈ ಸೋಪಿನಿಂದ ತೊಳೆಯಿರಿ. ನೀಲಿ ಗೆರೆ ಇದ್ದಲ್ಲೇ ಇದೆಯೇ, ಬಾಯೊಳಗೆ ಟ್ಯೂಬ್ ಸುರುಳಿ ಸುತ್ತಿಕೊಂಡಿದೆಯೇ ನೋಡಿ. ಸಿರಿಂಜ್‌ನಿಂದ ಮೆಲ್ಲಗೆ ಸ್ವಲ್ಪ ದ್ರವ ಎಳೆದು ಪಿಎಚ್ ಪಟ್ಟಿಯ ಮೇಲೆ ಬಿಡಿ. 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮುಂದುವರಿಯಿರಿ. ದ್ರವ ಬಾರದಿದ್ದರೆ ಎಡಮಗ್ಗುಲಿಗೆ ತಿರುಗಿಸಿ, 15ರಿಂದ 30 ನಿಮಿಷ ಬಿಟ್ಟು ಮತ್ತೆ ಎಳೆಯಿರಿ. ಆಗಲೂ ಬಾರದಿದ್ದರೆ, ಅಂಕಿ ಹೆಚ್ಚು ಬಂದರೆ, ಅಥವಾ ಗೆರೆ ಸರಿದಿದ್ದರೆ ಏನನ್ನೂ ಹಾಕದೆ ನಮಗೆ ಫೋನ್ ಮಾಡಿ. ಗಾಳಿ ತಳ್ಳಿ ಹೊಟ್ಟೆಯ ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಂಬಬೇಡಿ: ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಅದೇ ಸದ್ದು ಕೇಳಬಹುದು.

ಫೀಡ್ ಮತ್ತು ನೀರು

ಕುದಿಸಿ ಆರಿಸಿದ 30 ಮಿ.ಲೀ. ನೀರು ಮೊದಲು, ಆಮೇಲೆ ಫೀಡ್, ಕೊನೆಗೆ ಮತ್ತೆ 30 ಮಿ.ಲೀ. ನೀರು. 50 ಅಥವಾ 60 ಮಿ.ಲೀ. ಸಿರಿಂಜ್ ಮಾತ್ರ ಬಳಸಿ. ಸಣ್ಣ ಸಿರಿಂಜ್‌ನ ಒತ್ತಡ ಜೋರು, ಟ್ಯೂಬ್ ಸೀಳಬಹುದು. ಫೀಡನ್ನು ತಳ್ಳಬೇಡಿ. ಒಳಗಿನ ದಂಡ ತೆಗೆದು, ಸಿರಿಂಜನ್ನು ಅವರ ತಲೆಗಿಂತ ಸ್ವಲ್ಪ ಮೇಲೆ ಹಿಡಿದರೆ ತಾನಾಗಿಯೇ ಇಳಿಯುತ್ತದೆ. 200 ಮಿ.ಲೀ. ಇಳಿಯಲು 20 ನಿಮಿಷವಾದರೂ ಬೇಕು. ಬೇಗ ಇಳಿದರೆ ಕೈ ತಗ್ಗಿಸಿ. ಸಿರಿಂಜ್ ಪೂರ್ತಿ ಖಾಲಿಯಾಗುವ ಮುನ್ನವೇ ಮತ್ತೆ ತುಂಬಿ, ಇಲ್ಲವಾದರೆ ಗಾಳಿ ಹೊಕ್ಕು ಹೊಟ್ಟೆ ಉಬ್ಬುತ್ತದೆ.

ಮಾತ್ರೆಗಳನ್ನು ಒಂದೊಂದಾಗಿ ನುಣ್ಣಗೆ ಅರೆದು ನೀರಿನಲ್ಲಿ ಕರಗಿಸಿ, ಒಂದಾದ ಮೇಲೆ ಇನ್ನೊಂದಕ್ಕೆ ಮುಂಚೆ 15 ಮಿ.ಲೀ. ನೀರು ಬಿಡಿ. ಫೀಡ್ ಜೊತೆ ಕಲಸಬೇಡಿ. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಅರೆಯುವಂತಿಲ್ಲ. ಅಂಥದ್ದಿದ್ದರೆ ಬೇರೆ ರೂಪ ಬರೆದುಕೊಡಲು ವೈದ್ಯರನ್ನು ಕೇಳಿ.

ಟ್ಯೂಬ್ ಕಟ್ಟಿಕೊಂಡಾಗ

ಒಮ್ಮೆಲೇ ಕಟ್ಟಿಕೊಳ್ಳುವುದು ಅಪರೂಪ. ನಿನ್ನೆ 20 ನಿಮಿಷಕ್ಕೆ ಇಳಿಯುತ್ತಿದ್ದ ಫೀಡ್ ಇವತ್ತು 40 ನಿಮಿಷ ತೆಗೆದುಕೊಂಡರೆ ಅದೇ ಮೊದಲ ಸೂಚನೆ. ಆಮೇಲೆ ದಂಡ ಒತ್ತಲು ಗಟ್ಟಿಯಾಗುತ್ತದೆ, ಜೋಡಣೆಯ ಹತ್ತಿರ ಫೀಡ್ ಸೋರುತ್ತದೆ, ಒತ್ತಿದರೆ ಟ್ಯೂಬ್ ಬಲೂನಿನಂತೆ ಉಬ್ಬುತ್ತದೆ. ಸಾಮಾನ್ಯ ಕಾರಣ ಎರಡು: ಸರಿಯಾಗಿ ಅರೆಯದ ಮಾತ್ರೆ, ಕೊನೆಯ ನೀರು ಮರೆತು ಒಳಗೇ ಒಣಗಿದ ಫೀಡ್.

ಮೊದಲು ಟ್ಯೂಬ್ ಎಲ್ಲಾದರೂ ಮಡಚಿದೆಯೇ, ಅವರ ತೋಳಿನ ಅಡಿ ಸಿಕ್ಕಿದೆಯೇ ನೋಡಿ. ಇಲ್ಲವಾದರೆ ಸಿರಿಂಜ್ ಜೋಡಿಸಿ ಹಿಂದಕ್ಕೆ ಎಳೆಯಿರಿ. ನಂತರ 20 ಮಿ.ಲೀ. ಉಗುರುಬೆಚ್ಚಗಿನ ನೀರಿನಿಂದ ಮೆಲ್ಲಗೆ ಒತ್ತುತ್ತಾ ಎಳೆಯುತ್ತಾ ಒಂದು ನಿಮಿಷ ಪ್ರಯತ್ನಿಸಿ. ಬಿಡಲಿಲ್ಲವೇ? ನೀರನ್ನು ಒಳಗೇ ಬಿಟ್ಟು ಟ್ಯೂಬ್ ಮುಚ್ಚಿ, 15 ನಿಮಿಷ ನೆನೆಯಲಿ, ಇನ್ನೊಮ್ಮೆ ನೋಡಿ. ಎರಡು ಸಲಕ್ಕೂ ಬಿಡದಿದ್ದರೆ ನಿಲ್ಲಿಸಿ ನಮಗೆ ತಿಳಿಸಿ. ತಂತಿ ತೂರಿಸಬೇಡಿ, ಟ್ಯೂಬ್ ಮತ್ತು ಜಠರ ಎರಡೂ ತೂತಾಗಬಹುದು. ಹುಳಿ ರಸ, ಸೋಡಾ ಪಾನೀಯ ಹಾಕಬೇಡಿ, ಫೀಡಿನ ಪ್ರೊಟೀನ್ ಒಡೆದು ಗಡ್ಡೆ ಇನ್ನೂ ಗಟ್ಟಿಯಾಗುತ್ತದೆ.

ತಕ್ಷಣ ನಿಲ್ಲಿಸಬೇಕಾದ್ದು

ಕೆಮ್ಮು, ಉಸಿರಾಟದಲ್ಲಿ ಗೊರಗೊರ ಸದ್ದು, ತುಟಿ ನೀಲಿಯಾಗುವುದು, ವಾಂತಿ: ಇದರಲ್ಲಿ ಯಾವುದು ಕಂಡರೂ ಟ್ಯೂಬ್ ಮಡಚಿ ಹಿಡಿದು ಫೀಡ್ ನಿಲ್ಲಿಸಿ, ಬೆನ್ನು ಇನ್ನಷ್ಟು ಎತ್ತಿ. ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ ತಿರುಗಿಸಿ. ಉಸಿರು ಸುಧಾರಿಸದಿದ್ದರೆ ಆಂಬುಲೆನ್ಸ್ ಕರೆಯಿರಿ. ಟ್ಯೂಬ್ ಕಿತ್ತುಬಂದರೆ ನೀವು ಮತ್ತೆ ತೂರಿಸಬೇಡಿ, ಬಾಯಿಂದಲೂ ಏನೂ ಕೊಡಬೇಡಿ. ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿ, ಹೊಸದನ್ನು ನಾವು ಹಾಕುತ್ತೇವೆ.