ದೀಪಾವಳಿಯ ಕಿಟಕಿ ಪ್ರದರ್ಶನ: ‘ನೆಂಟರು ಬಂದಿದ್ದಾರೆ’

ಮಾಲಕರ ಪರಿಶೀಲನೆಗೆ ಮತ್ತು ಅಂಗಡಿಯ ಎಲ್ಲ ಸಹೋದ್ಯೋಗಿಗಳ ಗಮನಕ್ಕೆ

ಕಾಸರಗೋಡು ಹಳೆ ಬಸ್ ನಿಲ್ದಾಣದ ಸಮೀಪದ ನಮ್ಮ ಪಾದರಕ್ಷೆಯ ಅಂಗಡಿಯ ಮುಂಭಾಗದ ಗಾಜಿನ ಕಿಟಕಿಯನ್ನು ದೀಪಾವಳಿಗೆ ಹೇಗೆ ಸಜ್ಜುಗೊಳಿಸಬೇಕೆಂಬ ಯೋಜನೆಯನ್ನು ಇಲ್ಲಿ ಬರೆದಿದ್ದೇನೆ. ನರಕ ಚತುರ್ದಶಿಗೆ ಹದಿನೈದು ದಿನ ಮೊದಲು ಬರುವ ಭಾನುವಾರ ರಾತ್ರಿ ಅಂಗಡಿ ಮುಚ್ಚಿದ ಬಳಿಕ ಕೆಲಸ ಆರಂಭಿಸಿ, ಸೋಮವಾರ ಬೆಳಗ್ಗೆ ಬಾಗಿಲು ತೆರೆಯುವಾಗ ಎಲ್ಲವೂ ಸಿದ್ಧವಾಗಿರಬೇಕು.

ಮೊದಲು ವಿಷಯ. ಕಳೆದ ವರ್ಷ ನಾನು ಕಿಟಕಿಯಲ್ಲಿ ಹಣತೆಯ ಚಿತ್ರ ಮತ್ತು ರಂಗೋಲಿಯ ನಡುವೆ ಚಪ್ಪಲಿಗಳನ್ನು ಇಟ್ಟಿದ್ದೆ. ಹಳೆಯ ಗ್ರಾಹಕರೊಬ್ಬರು ಒಳಗೆ ಬಂದು, ‘ದೀಪದ ಪಕ್ಕದಲ್ಲಿ ಮೆಟ್ಟು ಇಡುವುದೇ?’ ಎಂದು ನೊಂದುಕೊಂಡು ಕೇಳಿದರು. ಅವರ ಮಾತು ಸರಿಯಾಗಿತ್ತು. ಅದೇ ಸಂಜೆ ರಂಗೋಲಿಯನ್ನು ಅಳಿಸಿದೆವು. ಬಟ್ಟೆಯಂಗಡಿಯವರೂ ಸಿಹಿತಿಂಡಿಯವರೂ ಬಳಸುವ ಹಣತೆ, ಕಲಶ, ತೋರಣ, ದೇವರ ಚಿತ್ರ, ಬಲೀಂದ್ರ ಪೂಜೆಯ ಹಾಲೆ ಮರದ ಕಂಬ ಇವುಗಳಲ್ಲಿ ಯಾವುದೂ ನಮ್ಮ ಕಿಟಕಿಗೆ ಸಲ್ಲುವುದಿಲ್ಲ. ಹಾಗಾದರೆ ಪಾದರಕ್ಷೆಗೆ ಹಬ್ಬದ ಮನೆಯಲ್ಲಿ ನ್ಯಾಯವಾದ ಜಾಗ ಯಾವುದು ಎಂದು ಯೋಚಿಸಿದಾಗ ಹೊಳೆದದ್ದು ಜಗಲಿಯ ಮುಂದಿನ ಮೆಟ್ಟಿಲು. ಹಬ್ಬದ ದಿನ ಯಾರದಾದರೂ ಮನೆಯ ಅಂಗಳಕ್ಕೆ ಕಾಲಿಟ್ಟಾಗ, ಮಾತು ಕಿವಿಗೆ ಬೀಳುವ ಮೊದಲೇ ಮೆಟ್ಟಿಲ ಬಳಿ ಕಳಚಿಟ್ಟ ಚಪ್ಪಲಿಗಳ ಸಾಲನ್ನು ನೋಡಿ ಒಳಗೆ ಎಷ್ಟು ಜನ ಸೇರಿದ್ದಾರೆಂದು ನಮಗೆ ತಿಳಿಯುತ್ತದೆ. ಆ ನೋಟವೇ ಈ ಸಲದ ಪ್ರದರ್ಶನ. ಕನ್ನಡ, ಮಲಯಾಳಂ, ತುಳು, ಕೊಂಕಣಿ, ಬ್ಯಾರಿ ಯಾವ ಮಾತಿನ ಮನೆಯಲ್ಲಾದರೂ ಚಪ್ಪಲಿಯನ್ನು ಹೊರಗೆ ಬಿಟ್ಟೇ ಒಳಗೆ ಹೋಗುವುದರಿಂದ, ನಮ್ಮಲ್ಲಿಗೆ ಬರುವ ಎಲ್ಲರಿಗೂ ಇದು ತಮ್ಮದೇ ಮನೆಯ ಮುಂಭಾಗದಂತೆ ಕಾಣುತ್ತದೆ.

ಕಿಟಕಿಯ ಅಗಲ 12 ಅಡಿ, ಎತ್ತರ 8 ಅಡಿ, ಆಳ 30 ಇಂಚು. ಹಿಂಬದಿಯ ನಡುವೆ ಅರ್ಧ ತೆರೆದ ಮರದ ಬಾಗಿಲು ಇರಲಿ. ಮಾಲಕರ ಮನೆಯ ಅಟ್ಟದಲ್ಲಿರುವ ಹಲಸಿನ ಮರದ ಹಳೆಯ ಬಾಗಿಲನ್ನು ಇದಕ್ಕಾಗಿ ಕೊಡಬೇಕೆಂದು ವಿನಂತಿಸುತ್ತೇನೆ. ಅದರ ಮುಂದೆ ತಲಾ 8 ಇಂಚು ಆಳ, 7 ಇಂಚು ಎತ್ತರದ ಮೂರು ಮೆಟ್ಟಿಲುಗಳನ್ನು ಪ್ಲೈವುಡ್‌ನಲ್ಲಿ ಮಾಡಿಸಿ, ಮುರಕಲ್ಲಿನ ಕೆಂಪು ಬಣ್ಣ ಬಳಿಯೋಣ. ನಿಜವಾದ ಮುರಕಲ್ಲು ಎರಡು ಸಾಕು, ಅವೂ ಕೆಳಗಿನ ನೆಲದಲ್ಲಿ ಮಾತ್ರ. ಭಾರಕ್ಕೆ ಹಲಗೆ ತಗ್ಗಬಹುದು, ಕಲ್ಲಿನ ಪುಡಿ ಚರ್ಮದ ಮೇಲೆ ಕೂರುತ್ತದೆ.

ಕಳೆದ ವರ್ಷ ಅರುವತ್ತಕ್ಕೂ ಹೆಚ್ಚು ಜೋಡಿ ತುಂಬಿಸಿದ್ದರಿಂದ ಒಂದೂ ಕಣ್ಣಿಗೆ ನಿಲ್ಲಲಿಲ್ಲ. ಈ ಬಾರಿ 22 ಜೋಡಿ ಮಾತ್ರ. ಅವುಗಳನ್ನು ಮಾದರಿಯ ಪ್ರಕಾರ ಸಾಲಾಗಿ ಜೋಡಿಸದೆ, ಒಂದೊಂದು ಕುಟುಂಬ ಬಂದು ಕಳಚಿಟ್ಟಂತೆ ಗುಂಪಾಗಿ ಇಡಬೇಕು: ಅಜ್ಜಿಯ ಮೆದು ಎಂಸಿಆರ್ ಚಪ್ಪಲಿ, ಅಪ್ಪನ ಚರ್ಮದ ಚಪ್ಪಲಿ, ಅಮ್ಮನ ಹಿಮ್ಮಡಿಯ ಸ್ಯಾಂಡಲ್, ಮಗುವಿನ ಶೂ. ಕಿಟಕಿಯ ನೆಲ ರಸ್ತೆಯಿಂದ 18 ಇಂಚು ಮೇಲಿರುವುದರಿಂದ ಮಕ್ಕಳವು ಕೆಳಗಿನ ಮೆಟ್ಟಿಲಿನಲ್ಲಿದ್ದರೆ ಕೈಹಿಡಿದು ಬರುವ ಮಗುವಿಗೆ ನೇರವಾಗಿ ಕಾಣುತ್ತವೆ. ಒಂದು ತೊಡಕಿದೆ. ಒಳಗೆ ಹೋದವರ ಚಪ್ಪಲಿಯ ಮೂತಿ ಬಾಗಿಲ ಕಡೆಗಿರುತ್ತದೆ. ಹಾಗೆಯೇ ಇಟ್ಟರೆ ದಾರಿಹೋಕರಿಗೆ ಬರೀ ಹಿಮ್ಮಡಿ ಕಾಣುತ್ತದೆ. ಆದ್ದರಿಂದ ಎರಡು ಜೋಡಿಗಳನ್ನಷ್ಟೇ ಹಾಗೆ ಬಿಟ್ಟು, ಉಳಿದವನ್ನು ಓರೆಯಾಗಿ ತಿರುಗಿಸಿ ಬದಿಯೂ ಮುಂಭಾಗವೂ ತೋರುವಂತೆ ಇಡೋಣ.

ಯಾವುದನ್ನೂ ಒಂಟಿ ಕಾಲಾಗಿ ಇಡಬಾರದು. ಎಡಗಾಲಿನದು ವಾರಗಟ್ಟಲೆ ಬಿಸಿಲಿಗಿದ್ದು ಬಲಗಾಲಿನದು ಪೆಟ್ಟಿಗೆಯಲ್ಲಿದ್ದರೆ, ಮಾರುವ ಹೊತ್ತಿಗೆ ಎರಡರ ಬಣ್ಣ ಬೇರೆಯಾಗಿರುತ್ತದೆ. ನಮ್ಮ ಕಿಟಕಿ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಮಧ್ಯಾಹ್ನ 3ರಿಂದ 5ರ ತನಕ ಪರದೆ ಇಳಿಸುವುದು ಕಡ್ಡಾಯ. ಬಿಸಿಗೆ ಅಡಿಭಾಗದ ಅಂಟೂ ಸಡಿಲುತ್ತದೆ. ತುಲಾ ಮಾಸದ ಸಂಜೆಮಳೆಯ ತೇವಕ್ಕೆ ಚರ್ಮದ ಮೇಲೆ ಬೂಷ್ಟು ಬಾರದಂತೆ ಮುಚ್ಚಿದ ಶೂಗಳೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಬೆಳಕಿನ ವಿಷಯದಲ್ಲಿ ನಾನು ಯಾವ ರಾಜಿಗೂ ಸಿದ್ಧಳಿಲ್ಲ. ಬಣ್ಣಬಣ್ಣದ ಮಿನುಗುವ ಮಾಲೆಗಳು ಬೇಡ. ಅವು ಕಂದು ಚರ್ಮವನ್ನು ಕ್ಷಣಕ್ಕೊಮ್ಮೆ ಹಸಿರಾಗಿ, ನೇರಳೆಯಾಗಿ ತೋರಿಸುತ್ತವೆ. ಕಿಟಕಿಯಲ್ಲಿ ಕಂಡ ಬಣ್ಣ ಮನೆಗೆ ಹೋದಾಗಲೂ ಹಾಗೆಯೇ ಕಾಣಬೇಕು. ಅದಕ್ಕಾಗಿ 3000 ಕೆಲ್ವಿನ್‌ನ, ಬಣ್ಣದ ನಿಖರತೆಯ ಸೂಚ್ಯಂಕ 90ಕ್ಕಿಂತ ಮೇಲಿರುವ 10 ವಾಟ್‌ನ ಆರು ಎಲ್‌ಇಡಿ ಸ್ಪಾಟ್ ದೀಪಗಳು ಬೇಕು. ಅವುಗಳನ್ನು ಗಾಜಿನ ಒಳಬದಿಯ ಮೇಲ್ಭಾಗದಲ್ಲಿ ಅಳವಡಿಸಿ ಸುಮಾರು 30 ಡಿಗ್ರಿ ಓರೆಯಾಗಿ ಹಿಂದಕ್ಕೆ ತಿರುಗಿಸಿದರೆ, ನೋಡುವವರ ಕಣ್ಣಿಗೆ ಕುಕ್ಕುವುದಿಲ್ಲ. ಕಪ್ಪು ಶೂ ಬೆಳಕನ್ನು ನುಂಗುವುದರಿಂದ ಅದಿರುವ ಗುಂಪಿಗೆ ಎರಡು ದೀಪ. ಹೊಳಪಿನ ಚರ್ಮಕ್ಕೆ ಬದಿಯಿಂದ ಬೆಳಕು, ಮೇಲಿನಿಂದ ಬಿದ್ದರೆ ಬಿಳಿ ಚುಕ್ಕೆಯಷ್ಟೇ ಕಾಣುತ್ತದೆ. ಬಾಗಿಲ ಸಂದಿಯ ಹಿಂದೆ ಒಟ್ಟು 20 ವಾಟ್‌ನ ಬೆಚ್ಚನೆಯ ಪಟ್ಟಿದೀಪ ಇರಲಿ. ಒಳಗೆ ಹಬ್ಬ ನಡೆಯುತ್ತಿದೆ ಎನ್ನಿಸುವುದು ಆ ಬೆಳಕಿನಿಂದಲೇ. ಹಗಲು ಹೊರಗಿನ ಬೆಳಕು ಹೆಚ್ಚಾಗಿ ಗಾಜು ಕನ್ನಡಿಯಂತಾಗುವುದನ್ನು ಕಡಿಮೆ ಮಾಡಲು ಹಿಂಬದಿಯ ಗೋಡೆಗೆ ಗಾಢ ಬಣ್ಣದ ಬದಲು ಸುಣ್ಣದ ಬಿಳಿ ಬಳಿಯೋಣ. ಎಲ್ಲ ಸೇರಿ 80 ವಾಟ್. ಬೆಳಗ್ಗೆ 10ರಿಂದ ರಾತ್ರಿ 10ರ ತನಕ ಉರಿದರೂ ದಿನಕ್ಕೆ ಒಂದು ಯೂನಿಟ್‌ಗಿಂತ ಕಡಿಮೆ. ಗುಡುಗು ಸಿಡಿಲಿನ ಕಾಲವಾದ್ದರಿಂದ ಸರ್ಜ್ ರಕ್ಷಕ ಹಾಕದೆ ಸಂಪರ್ಕ ಕೊಡಬಾರದು.

ದರಚೀಟಿಗಳು ಮೂರೂವರೆ ಇಂಚು ಅಗಲ, ಎರಡು ಇಂಚು ಎತ್ತರದ, ಹೊಳಪಿಲ್ಲದ ದಂತವರ್ಣದ ಕಾಗದದಲ್ಲಿರಲಿ. ಮೇಲೆ ಕನ್ನಡದಲ್ಲಿ ‘ಚಪ್ಪಲಿ’, ಕೆಳಗೆ ಮಲಯಾಳಂ ಲಿಪಿಯಲ್ಲಿ ‘ಚೆರುಪ್ಪ್’, ಎರಡೂ ಒಂದೇ ಗಾತ್ರದ ಅಕ್ಷರಗಳಲ್ಲಿ. ನಡುವೆ ಬೆಲೆಯ ಅಂಕಿ 18 ಮಿಲಿಮೀಟರ್ ಎತ್ತರ. ಮಲಯಾಳಂ ಸಾಲುಗಳನ್ನು ಆ ಭಾಷೆ ಓದಿ ಕಲಿತ ಸಹೋದ್ಯೋಗಿ ತಿದ್ದಿದ ಬಳಿಕವೇ ಮುದ್ರಣಕ್ಕೆ ಕಳುಹಿಸುತ್ತೇನೆ. ಚೀಟಿಯ ಮಾತು ಹೀಗಿರುತ್ತದೆ:

‘ಅಜ್ಜಿಯ ಮೆದು ಚಪ್ಪಲಿ. ರೂ. 799. ತೆರಿಗೆ ಸೇರಿದೆ. ಅಳತೆ 4ರಿಂದ 8.’
‘ಅಪ್ಪನ ಚರ್ಮದ ಚಪ್ಪಲಿ. ರೂ. 1,890. ತೆರಿಗೆ ಸೇರಿದೆ. ಅಳತೆ 6ರಿಂದ 10.’
‘ಮಗುವಿನ ಶೂ. ರೂ. 449. ತೆರಿಗೆ ಸೇರಿದೆ. ಅಳತೆಯನ್ನು ಒಳಗೆ ನೋಡಿ ಕೊಡುತ್ತೇವೆ.’

ಚೀಟಿಯಲ್ಲಿ ಬರೆದ ಅಳತೆಗಳು ದಾಸ್ತಾನಿನಲ್ಲಿ ಇರಲೇಬೇಕು. ಮುಗಿದ ದಿನವೇ ಆ ಜೋಡಿ ಕಿಟಕಿಯಿಂದ ಹೊರಬರಬೇಕು. ‘ರೂ. 299ರಿಂದ ಆರಂಭ’ ಎಂಬಂಥ ಫಲಕ ಹಾಕಿ, ಒಳಗೆ ಬಂದವರಿಗೆ ಆ ಬೆಲೆಯದು ಖಾಲಿಯಾಗಿದೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇಕಡಾ 5, ಅದಕ್ಕಿಂತ ಮೇಲಿನದಕ್ಕೆ ಶೇಕಡಾ 18 ಇರುವುದರಿಂದ, ಹಳೆಯ ಪೆಟ್ಟಿಗೆಗಳ ಮೇಲಿನ ಬೆಲೆಯನ್ನು ಹಾಗೆಯೇ ನಕಲು ಮಾಡದೆ, ಬಿಲ್ಲಿಂಗ್ ಕಂಪ್ಯೂಟರಿನ ಬೆಲೆಯೊಂದಿಗೆ ಪ್ರತಿ ಚೀಟಿಯನ್ನೂ ಹೋಲಿಸಬೇಕು.

ಖರ್ಚು: ಬಡಗಿ ಮತ್ತು ಪ್ಲೈವುಡ್ 4,800, ಬಣ್ಣ 1,100, ದೀಪಗಳು 3,900, ಚೀಟಿ ಮುದ್ರಣ 900, ಒಟ್ಟು 10,700 ರೂಪಾಯಿ. ಮೆಟ್ಟಿಲು ಮತ್ತು ದೀಪಗಳು ಮುಂದಿನ ಹಬ್ಬಗಳಿಗೂ ಉಳಿಯುತ್ತವೆ. ಬಾಗಿಲು ಸಿಗುವುದೋ ಇಲ್ಲವೋ ಎಂಬುದನ್ನು ಈ ವಾರದೊಳಗೆ ತಿಳಿಸಿದರೆ ಬಡಗಿಗೆ ಅಳತೆ ಕೊಡುತ್ತೇನೆ.